14 ಅಪ್ರೈಸಲ್ ಫಾರ್ಮ್, ಎರಡು ಪುಟದ ವರದಿ: ಯಾರ ಮಾತೂ ಹೊರಬೀಳದಂತೆ ತಂಡದ ಸಾರಾಂಶ ತೆಗೆಯುವ ಕ್ರಮ

ಅಪ್ರೈಸಲ್ ಮುಗಿದ ಮೇಲೆ ಎಚ್‌ಆರ್‌ನವರಿಗೋ ಟೀಮ್ ಲೀಡರ್‌ಗೋ ಒಂದು ಕೆಲಸ ಬಂದೇ ಬರುತ್ತದೆ: ಎಲ್ಲರ ಫಾರ್ಮ್ ಓದಿ, ತಂಡದ ಬಲ ಯಾವುದು, ಎಲ್ಲಿ ಕೊರತೆ ಇದೆ, ಯಾವ ತರಬೇತಿ ಬೇಕು ಎಂದು ಎರಡು ಪುಟದಲ್ಲಿ ಬರೆದುಕೊಡಬೇಕು. ಹೆಚ್ಚಿನವರು ಮಾಡುವುದು ಹೀಗೆ: ಹೆಸರು ಅಳಿಸುತ್ತಾರೆ, ಎದ್ದುಕಾಣುವ ವಾಕ್ಯಗಳನ್ನು ಆರಿಸಿ ಒಂದರ ಕೆಳಗೊಂದು ಅಂಟಿಸುತ್ತಾರೆ, ಕಳಿಸುತ್ತಾರೆ. ಮರುದಿನ ಊಟದ ಹೊತ್ತಿಗೆ ಯಾವ ವಾಕ್ಯ ಯಾರದ್ದು ಎಂದು ಇಡೀ ತಂಡಕ್ಕೆ ಗೊತ್ತಾಗಿರುತ್ತದೆ. ಮುಂದಿನ ವರ್ಷ ಎಲ್ಲರ ಫಾರ್ಮ್‌ನಲ್ಲೂ ಒಂದೇ ಉತ್ತರ: "ಎಲ್ಲ ಚೆನ್ನಾಗಿದೆ."

ತಪ್ಪುವುದು ಬರವಣಿಗೆಯಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಆ ಕ್ರಮವನ್ನು ಒಂದು ಕಲ್ಪಿತ ತಂಡದ ಮೇಲೆ ಇಲ್ಲಿ ಪೂರ್ತಿ ನಡೆಸಿ ತೋರಿಸಿದೆ. ಪಂಪ್‌ಸೆಟ್ ಕಂಪನಿಯೊಂದರ ಸರ್ವಿಸ್ ವಿಭಾಗ, ಒಟ್ಟು 14 ಜನ: ಊರೂರು ಸುತ್ತಿ ರಿಪೇರಿ ಮಾಡುವ ಟೆಕ್ನಿಷಿಯನ್‌ಗಳು 9, ದೂರು ಬರೆದುಕೊಳ್ಳುವ ಫೋನ್ ಡೆಸ್ಕ್‌ನಲ್ಲಿ 3, ಬಿಡಿಭಾಗಗಳ ಸ್ಟೋರ್‌ನಲ್ಲಿ 2. ಪ್ರತಿ ಫಾರ್ಮ್‌ನಲ್ಲಿ ಉದ್ಯೋಗಿ ತಾನೇ ಬರೆದ ಭಾಗ, ಸೂಪರ್‌ವೈಸರ್ ಬರೆದ ಭಾಗ, 1ರಿಂದ 5ರವರೆಗಿನ ರೇಟಿಂಗ್ ಇವೆ. ಇಷ್ಟಕ್ಕೆ ಎರಡು ದಿನ ಇಟ್ಟುಕೊಳ್ಳಿ. ಎರಡರ ನಡುವೆ ಒಂದು ರಾತ್ರಿ ಬೇಕು, ಕಾರಣ ಮುಂದೆ ಗೊತ್ತಾಗುತ್ತದೆ.

## ಬೇಕಾಗುವ ಸಾಮಾನು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಆದರೆ ಮೂರು ಬೇರೆ ಬೇರೆ ಫೈಲ್ ಬೇಕು, ಒಂದೇ ಫೈಲಿನ ಮೂರು ಹಾಳೆಗಳಾದರೆ ಆಗದು. ಮೊದಲನೆಯದು ಕೀಲಿ ಫೈಲ್: ಯಾವ ಸಂಖ್ಯೆ ಯಾರದ್ದು ಎಂಬುದು ಅದರಲ್ಲಿ ಮಾತ್ರ ಇರುತ್ತದೆ, ಪಾಸ್‌ವರ್ಡ್ ಹಾಕಿ ಬೇರೆ ಫೋಲ್ಡರ್‌ನಲ್ಲಿಡಿ. ಎರಡನೆಯದು ಕೆಲಸದ ಫೈಲ್. ಮೂರನೆಯದು ವರದಿ. ಇದನ್ನು ಖಾಲಿ ಡಾಕ್ಯುಮೆಂಟ್‌ನಿಂದ ಶುರು ಮಾಡಬೇಕು, ಕೆಲಸದ ಫೈಲನ್ನು ಕಾಪಿ ಮಾಡಿ ಬೇಡದ್ದನ್ನು ಅಳಿಸುತ್ತಾ ಹೋಗಬಾರದು. ಜೊತೆಗೆ, ಫಾರ್ಮ್‌ಗಳನ್ನು ನೋಡುವ ಅಧಿಕಾರವಿರುವ ಇನ್ನೊಬ್ಬರು ಒಂದು ಗಂಟೆ ಸಿಗಬೇಕು.

## ಹಂತ 1: ಫಾರ್ಮ್ ತೆರೆಯುವ ಮುಂಚೆಯೇ ಗೆರೆ ಎಳೆಯಿರಿ

ಎರಡು ವಿಷಯ ಮೊದಲೇ ಬರೆದಿಡಿ. ವರದಿಯನ್ನು ಯಾರು ಓದುತ್ತಾರೆ, ಓದಿ ಏನು ನಿರ್ಧಾರ ಮಾಡುತ್ತಾರೆ? ನಮ್ಮ ಉದಾಹರಣೆಯಲ್ಲಿ ಓದುವವರು ಸರ್ವಿಸ್ ಮ್ಯಾನೇಜರ್ ಮತ್ತು ತರಬೇತಿ ನೋಡಿಕೊಳ್ಳುವವರು, ನಿರ್ಧಾರ ಮುಂದಿನ ಆರು ತಿಂಗಳ ತರಬೇತಿಗೆ ಸಂಬಂಧಿಸಿದ್ದು. ಸಂಬಳ ಏರಿಕೆಗೂ ಇದೇ ವರದಿ ಬಳಸುವ ಯೋಚನೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ಸಂಬಳಕ್ಕೆ ವ್ಯಕ್ತಿ ಯಾರು ಎಂದು ಗೊತ್ತಾಗಬೇಕು, ಈ ವರದಿಯಲ್ಲಿ ಗೊತ್ತಾಗಬಾರದು. ಎರಡೂ ಒಂದೇ ಕಾಗದದಲ್ಲಿ ಆಗುವ ಕೆಲಸವಲ್ಲ.

ಎರಡನೆಯದು ಕನಿಷ್ಠ ಸಂಖ್ಯೆ. ಒಂದು ಅಂಶ ಎಷ್ಟು ಫಾರ್ಮ್‌ಗಳಲ್ಲಿ ಬಂದರೆ ವರದಿಗೆ ಸೇರುತ್ತದೆ? 14 ಜನರ ತಂಡಕ್ಕೆ 4 ಎಂದಿಟ್ಟುಕೊಳ್ಳಿ. ಇಬ್ಬರು ಮಾತ್ರ ಹೇಳಿದ ವಿಷಯವಾದರೆ ಒಬ್ಬನಿಗೆ ತನ್ನದು ಗೊತ್ತು, ಉಳಿದದ್ದು ಇನ್ನೊಬ್ಬನದು ಎಂದು ತಿಳಿಯುತ್ತದೆ. ಮೂವರಾದರೆ ಇಬ್ಬರು ಟೀ ಕುಡಿಯುತ್ತಾ ಮಾತಾಡಿಕೊಂಡರೆ ಸಾಕು, ಮೂರನೆಯವನು ಸಿಕ್ಕಿಬೀಳುತ್ತಾನೆ. ನಾಲ್ಕರಿಂದ ಮುಂದೆ ಊಹೆ ಕಷ್ಟವಾಗುತ್ತದೆ. ತಂಡದೊಳಗಿನ ಗುಂಪುಗಳನ್ನು ಬೇರೆಯಾಗಿ ತೋರಿಸಬೇಕಾದರೆ ಗುಂಪಿನಲ್ಲಿ ಕನಿಷ್ಠ 5 ಜನ ಇರಬೇಕು. ಹಾಗಾಗಿ ಫೋನ್ ಡೆಸ್ಕ್ (3) ಮತ್ತು ಸ್ಟೋರ್ (2) ಬೇರೆ ಸಾಲಾಗಿ ಬರುವಂತಿಲ್ಲ. ಇಡೀ ತಂಡವೇ 8ಕ್ಕಿಂತ ಚಿಕ್ಕದಾದರೆ ಇಂಥ ವರದಿ ಬರೆಯಲೇ ಬೇಡಿ, ಇನ್ನೊಂದು ತಂಡದ ಜೊತೆ ಸೇರಿಸಿ ಮಾಡಿ.

ಈ ಗೆರೆಯನ್ನು ಫಾರ್ಮ್ ಓದಿದ ಮೇಲೆ ಎಳೆಯಬಾರದು. ಓದಿದ ಮೇಲೆ ಮನಸ್ಸಿಗೆ ನಾಟಿದ ಒಂದು ಮಾತು ಇದ್ದೇ ಇರುತ್ತದೆ, ಅದನ್ನು ಒಳಸೇರಿಸಲು ಗೆರೆ ತಾನಾಗಿಯೇ ಕೆಳಗಿಳಿಯುತ್ತದೆ.

## ಹಂತ 2: ಸಂಖ್ಯೆ ಕೊಡಿ, ಸಾಲು ಕಲಸಿ

ಕೀಲಿ ಫೈಲ್‌ನಲ್ಲಿ 14 ಹೆಸರು ಬರೆದು, ಪಕ್ಕದ ಕಾಲಮ್‌ನಲ್ಲಿ `=RAND()` ಹಾಕಿ, ಬಂದ ಅಂಕಿಗಳನ್ನು ಬರೀ ಮೌಲ್ಯಗಳಾಗಿ ಅಂಟಿಸಿ, ಅದರ ಮೇಲೆ ಸಾರ್ಟ್ ಮಾಡಿ. ಆಮೇಲೆ ಮೇಲಿನಿಂದ ಕೆಳಕ್ಕೆ 01ರಿಂದ 14ರವರೆಗೆ ಸಂಖ್ಯೆ ಕೊಡಿ. ಹಾಜರಿ ಪುಸ್ತಕದ ಕ್ರಮದಲ್ಲೋ ಅಕ್ಷರ ಕ್ರಮದಲ್ಲೋ ಸಂಖ್ಯೆ ಕೊಟ್ಟರೆ, 14 ಯಾರು ಎಂದು ಹಾಜರಿ ಪಟ್ಟಿ ಕಂಡವರಿಗೆಲ್ಲ ಗೊತ್ತಾಗುತ್ತದೆ. ಎಂಪ್ಲಾಯೀ ಐಡಿಯ ಕೊನೆಯ ಎರಡು ಅಂಕಿ ಬಳಸುವುದೂ ಇದೇ ತಪ್ಪು.

ಕೆಲಸದ ಫೈಲ್‌ನಲ್ಲಿ ಹೆಸರಿಲ್ಲ ಎಂದು ಅದನ್ನು ಎಲ್ಲರಿಗೂ ಹಂಚುವಂತಿಲ್ಲ. ಕೀಲಿ ಇರುವ ತನಕ ಅದು ವ್ಯಕ್ತಿಗಳ ಮಾಹಿತಿಯೇ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡುವುದೂ ಹೆಸರು ಇದೆಯೋ ಇಲ್ಲವೋ ಎಂದಲ್ಲ, ಆ ದತ್ತಾಂಶದಿಂದ ವ್ಯಕ್ತಿಯನ್ನು ಗುರುತಿಸಬಹುದೋ ಇಲ್ಲವೋ ಎಂದು.

## ಹಂತ 3: ಒಂದು ಸಾಲಿಗೆ ಒಂದೇ ಮಾತು

ಕೆಲಸದ ಫೈಲ್‌ನ ಕಾಲಮ್‌ಗಳು ಹೀಗಿರಲಿ: A ಫಾರ್ಮ್ ಸಂಖ್ಯೆ, B ಬರೆದವರು (ಸ್ವತಃ ಅಥವಾ ಸೂಪರ್‌ವೈಸರ್), C ಮಾತು, D ವಿಷಯದ ಕೋಡ್, E ಕೊರತೆಯ ಕಾರಣ. ಫಾರ್ಮ್‌ನಲ್ಲಿರುವ ಒಂದು ಉದ್ದ ವಾಕ್ಯದಲ್ಲಿ ಎರಡು ಮೂರು ವಿಷಯ ಇರುವುದು ಸಾಮಾನ್ಯ. ಅದನ್ನು ಒಡೆದು ಬೇರೆ ಬೇರೆ ಸಾಲಿಗೆ ಹಾಕಬೇಕು. ಉದಾಹರಣೆಗೆ ಫಾರ್ಮ್‌ನಲ್ಲಿ ಹೀಗಿದೆ ಎನ್ನಿ:

"ಕಳೆದ ಮಾರ್ಚ್‌ನಲ್ಲಿ ಗದಗದ ಆ ರೈಸ್ ಮಿಲ್‌ನಲ್ಲಿ ಮಾಲೀಕರು ಕೂಗಾಡಿದಾಗಲೂ ಇವಳು ಸಮಾಧಾನವಾಗಿ ಮಾತಾಡಿದಳು, ಆದರೆ ಜಾಬ್ ಕಾರ್ಡ್ ಮಾತ್ರ ನಾಲ್ಕು ದಿನ ತಡ."

ಜಾಬ್ ಕಾರ್ಡ್ ಎಂದರೆ ರಿಪೇರಿಯ ವಿವರ ತುಂಬುವ ಕಾರ್ಡ್. ಈ ವಾಕ್ಯ ಎರಡು ಸಾಲಾಗುತ್ತದೆ: "ಸಿಟ್ಟಾದ ಗ್ರಾಹಕರ ಜೊತೆ ಸಮಾಧಾನದ ಮಾತು" ಮತ್ತು "ಜಾಬ್ ಕಾರ್ಡ್ ತಡ". ಒಡೆಯುವಾಗಲೇ ಗುರುತು ಕಳಚಬೇಕು, ಆಮೇಲೆ ಮಾಡೋಣ ಎಂದು ಬಿಟ್ಟರೆ ಅದು ಉಳಿದೇಬಿಡುತ್ತದೆ. ಹೆಸರು, ಊರು, ಗ್ರಾಹಕ, ತಿಂಗಳು, ಘಟನೆ, ನಿಖರ ಅಂಕಿ ಎಲ್ಲ ಹೋಗಬೇಕು. ಗದಗದ ಮಿಲ್‌ಗೆ ಹೋದವರು ಯಾರು ಎಂಬುದು ಡ್ಯೂಟಿ ಚಾರ್ಟ್‌ನಲ್ಲೇ ಇರುತ್ತದೆ.

ಕನ್ನಡದ ಫಾರ್ಮ್‌ಗಳಲ್ಲಿ ಇನ್ನೊಂದು ಗುರುತು ಉಂಟು, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ಕ್ರಿಯಾಪದವೇ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತದೆ. ತಂಡದಲ್ಲಿ ಇಬ್ಬರೇ ಹೆಣ್ಣುಮಕ್ಕಳಿದ್ದರೆ "ಮಾತಾಡಿದಳು" ಎಂಬ ಒಂದು ಪದ 14ನ್ನು 2ಕ್ಕೆ ಇಳಿಸುತ್ತದೆ. ಆಡುಮಾತೂ ಹಾಗೆಯೇ. "ಹೇಳಾಕತ್ತೀನಿ" ಎಂದು ಬರೆದವರು ಉತ್ತರ ಕರ್ನಾಟಕದವರು ಎಂದು ಊಹಿಸಲು ಕಷ್ಟವೇನಿಲ್ಲ. ಮಂಗಳೂರು ಕಡೆಯವರ ವಾಕ್ಯದ ಧಾಟಿಯನ್ನೂ ಹಾಗೆಯೇ ಹಿಡಿಯಬಹುದು. ಆದ್ದರಿಂದ C ಕಾಲಮ್‌ನಲ್ಲಿ ಪೂರ್ಣ ವಾಕ್ಯ ಬೇಡ. ಕ್ರಿಯಾಪದವಿಲ್ಲದ ನಾಲ್ಕೈದು ಪದಗಳ ತುಣುಕು ಸಾಕು, ಅದೂ ನಿಮ್ಮದೇ ಮಾತಿನಲ್ಲಿ.

ಒಂದು ಮಾತು ಹೊರಬಿದ್ದರೆ ಬಯಲಾಗುವವರು ಮೂವರು ಎಂಬುದು ನೆನಪಿರಲಿ: ಯಾರ ಬಗ್ಗೆ ಬರೆದಿದೆಯೋ ಅವರು, ಬರೆದವರು, ಆ ಮಾತಿನ ಒಳಗೆ ಬಂದವರು. "ಪಾಳಿ ಬದಲಾದ ಮೇಲೆ ಒಬ್ಬರು ಫೋನ್ ಎತ್ತುವುದೇ ಇಲ್ಲ" ಎಂಬ ದೂರಿನಲ್ಲಿ ಬರೆದವರಿಗಿಂತ ಆ "ಒಬ್ಬರು" ಬೇಗ ಸಿಕ್ಕಿಬೀಳುತ್ತಾರೆ.

ನಮ್ಮ 14 ಫಾರ್ಮ್‌ಗಳು ಹೀಗೆ ಒಡೆದ ಮೇಲೆ 96 ಸಾಲುಗಳಾದವು ಎಂದಿಟ್ಟುಕೊಳ್ಳಿ.

### ಎಣಿಕೆಗೆ ಸೇರಿಸಲೇಬಾರದ ಮಾತುಗಳು

ಓದುವಾಗ ಲೈಂಗಿಕ ಕಿರುಕುಳ, ಬೆದರಿಕೆ, ಹಣ ತಿಂದ ಆರೋಪ, ಜೀವಕ್ಕೆ ಅಪಾಯವಾಗುವ ಕೆಲಸದ ರೀತಿ ಎದುರಾದರೆ ಅದು ಸಾರಾಂಶದ ಸರಕಲ್ಲ. ಒಬ್ಬರೇ ಹೇಳಿದ್ದಾರೆ, ಗೆರೆಗಿಂತ ಕೆಳಗಿದೆ ಎಂದು ಬಿಟ್ಟುಬಿಡುವುದೂ ತಪ್ಪು, ವರದಿಯಲ್ಲಿ ಸೂಚ್ಯವಾಗಿ ಬರೆಯುವುದೂ ತಪ್ಪು. ಮೊದಲು ಬರೆದವರ ಜೊತೆ ಖಾಸಗಿಯಾಗಿ ಮಾತಾಡಿ, ಅದಕ್ಕೆ ಇರುವ ದಾರಿ ತಿಳಿಸಬೇಕು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯ್ದೆಯಡಿ ರಚಿಸಿದ ಆಂತರಿಕ ಸಮಿತಿ ಇರುತ್ತದೆ. ಕರೆಂಟ್ ಕಟ್ ಮಾಡದೆ ಪಂಪ್ ಪ್ಯಾನಲ್ ಬಿಚ್ಚುತ್ತಾರೆ ಎಂಬ ಮಾತು ಬಂದರೆ ಅದನ್ನು ಯಾರದ್ದೆಂದು ಹೇಳದೆ ಅಂದೇ ಸುರಕ್ಷತೆಯ ಹೊಣೆ ಹೊತ್ತವರಿಗೆ ತಿಳಿಸಿ, ಎಲ್ಲರಿಗೂ ಅನ್ವಯಿಸುವ ಸೂಚನೆ ಹೊರಡಿಸಲು ಹೇಳಿ. ಆರೋಗ್ಯ, ಮನೆ, ಮದುವೆಯ ವಿಷಯಗಳನ್ನು ಕೆಲಸದ ಫೈಲ್‌ಗೇ ತರಬೇಡಿ.

## ಹಂತ 4: ಕೋಡ್ ಪಟ್ಟಿ ಮಾಡಿ

ಮೊದಲು ಯಾವುದಾದರೂ ಐದು ಫಾರ್ಮ್‌ಗಳ ಸಾಲುಗಳನ್ನು ಮಾತ್ರ ಓದಿ, ಮರುಕಳಿಸುವ ವಿಷಯಗಳ ಪಟ್ಟಿ ಮಾಡಿ. ಬಲಗಳಿಗೆ S1, S2. ಕೊರತೆಗಳಿಗೆ G1, G2 ಎಂದು ಹೆಸರಿಟ್ಟರೆ ಸಾಕು. ಒಟ್ಟು 7ರಿಂದ 12 ಕೋಡ್ ಇದ್ದರೆ ಕೈಗೆ ಹಿಡಿತ ಸಿಗುತ್ತದೆ. ಪ್ರತಿ ಕೋಡ್‌ಗೂ ಎರಡು ಸಾಲಿನ ವಿವರಣೆ ಬೇಕು, ಏನು ಸೇರುತ್ತದೆ ಮತ್ತು ಏನು ಸೇರುವುದಿಲ್ಲ ಎಂದು. G1 ಹೀಗಿದೆ ಎನ್ನಿ: "ಜಾಬ್ ಕಾರ್ಡ್ ತಡವಾಗಿ ಅಥವಾ ಅರ್ಧಂಬರ್ಧ ತುಂಬುವುದು ಸೇರುತ್ತದೆ. ಬಿಲ್ ತಡವಾಗುವುದು ಸೇರುವುದಿಲ್ಲ." ಈ ಎರಡನೇ ಸಾಲಿಲ್ಲದಿದ್ದರೆ ಅರ್ಧ ದಾರಿಯಲ್ಲಿ G1ರೊಳಗೆ ಎಲ್ಲ ಬಗೆಯ ತಡವೂ ಬಂದು ತುಂಬಿಕೊಳ್ಳುತ್ತದೆ.

ಎರಡು ಎಚ್ಚರಿಕೆಯ ಗುರುತುಗಳಿವೆ. ಒಂದು ಕೋಡ್‌ನೊಳಗೆ ಒಂದೇ ಫಾರ್ಮ್‌ನ ಸಾಲುಗಳಿದ್ದರೆ ನೀವು ವಿಷಯಕ್ಕೆ ಕೋಡ್ ಕೊಟ್ಟಿಲ್ಲ, ವ್ಯಕ್ತಿಗೆ ಕೊಟ್ಟಿದ್ದೀರಿ. ಇನ್ನೊಂದು ಕಡೆ, ಮೂರನೇ ಒಂದು ಪಾಲಿಗಿಂತ ಹೆಚ್ಚು ಸಾಲುಗಳು ಒಂದೇ ಕೋಡ್‌ಗೆ ಹೋಗುತ್ತಿದ್ದರೆ ಆ ಕೋಡ್ ಅತಿ ಅಗಲ. "ಸಂವಹನ" ಎಂಬ ಕೋಡ್ ಸಾಮಾನ್ಯವಾಗಿ ಹೀಗಾಗುತ್ತದೆ: ಗ್ರಾಹಕರ ಜೊತೆಗಿನ ಮಾತು, ಇಮೇಲ್ ಬರೆಯುವುದು, ಪಾಳಿ ಬದಲಾಗುವಾಗ ವಿಷಯ ದಾಟಿಸುವುದು, ಈ ಮೂರಕ್ಕೂ ಬೇಕಾದ ತರಬೇತಿ ಬೇರೆ ಬೇರೆ.

ಈಗ 96 ಸಾಲಿಗೂ ಕೋಡ್ ಹಾಕಿ, ಫೈಲ್ ಮುಚ್ಚಿ. ಆ ರಾತ್ರಿ ಬೇಕಾಗಿದ್ದುದು ಇಲ್ಲಿ. ಮರುದಿನ ನಾಲ್ಕು ಫಾರ್ಮ್‌ಗಳ ಸಾಲುಗಳನ್ನು ಕೋಡ್ ಮರೆಮಾಡಿ ಮತ್ತೆ ನೀವೇ ಕೋಡ್ ಮಾಡಿ, ಇನ್ನೊಬ್ಬರ ಕೈಲೂ ಮಾಡಿಸಿ. ಅವರಿಗೆ ಕೊಡಬೇಕಾದದ್ದು ಗುರುತು ಕಳಚಿದ C ಕಾಲಮ್ ಮತ್ತು ಕೋಡ್ ಪಟ್ಟಿ ಮಾತ್ರ, ಮೂಲ ಫಾರ್ಮ್ ಅಲ್ಲ. ಐದರಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಬೇರೆಯಾದರೆ ತಪ್ಪಿರುವುದು ಜನರಲ್ಲಲ್ಲ, ವಿವರಣೆಯಲ್ಲಿ. ಅದನ್ನು ತಿದ್ದಿ ಎಲ್ಲ ಸಾಲುಗಳನ್ನೂ ಇನ್ನೊಮ್ಮೆ ನೋಡಿ.

## ಹಂತ 5: ಫಾರ್ಮ್ ಎಣಿಸಿ, ಮಾತು ಎಣಿಸಬೇಡಿ

ಬಹಳ ವರದಿಗಳು ಕೆಡುವುದು ಇಲ್ಲಿ. ಬಿಡಿಭಾಗ ತಡವಾಗುವುದರಿಂದ ಬೇಸತ್ತ ಒಬ್ಬರು ಅದನ್ನು ಐದು ಕಡೆ ಬರೆದಿರಬಹುದು. `COUNTIF` ಹಾಕಿದರೆ 5 ಎಂದು ಬರುತ್ತದೆ, ಗೆರೆ ದಾಟುತ್ತದೆ, ಒಬ್ಬರ ದೂರು ತಂಡದ ದೂರಾಗಿ ವರದಿ ಸೇರುತ್ತದೆ. ಎಣಿಸಬೇಕಾದದ್ದು ಎಷ್ಟು ಬೇರೆ ಬೇರೆ ಫಾರ್ಮ್‌ಗಳಲ್ಲಿ ಅದು ಬಂದಿದೆ ಎಂದು. ಮೊದಲ ಸಾಲು ಗೂಗಲ್ ಶೀಟ್ಸ್‌ಗೆ, ಎರಡನೆಯದು ಹೊಸ ಎಕ್ಸೆಲ್‌ಗೆ:

```
=COUNTUNIQUEIFS(A2:A200, D2:D200, "G3")
=ROWS(UNIQUE(FILTER(A2:A200, D2:D200="G3")))
```

ನಮ್ಮ ತಂಡದ ಲೆಕ್ಕ ಹೀಗೆ ಬಂತು ಎನ್ನೋಣ.

| ಕೋಡ್ | ವಿಷಯ | ಫಾರ್ಮ್‌ಗಳು |
|---|---|---|
| S1 | ಗ್ರಾಹಕರ ಜೊತೆ ಒಳ್ಳೆಯ ಮಾತು | 11 |
| S2 | ಮೋಟಾರ್, ವೈಂಡಿಂಗ್ ದೋಷ ಬೇಗ ಹಿಡಿಯುವುದು | 9 |
| S3 | ಸಹೋದ್ಯೋಗಿಗಳಿಗೆ ನೆರವು | 6 |
| G1 | ಜಾಬ್ ಕಾರ್ಡ್ ತಡ ಅಥವಾ ಅಪೂರ್ಣ | 8 |
| G2 | ಹೊಸ ಮಾದರಿಯ ಕಂಟ್ರೋಲ್ ಬೋರ್ಡ್ ದೋಷ ಹಿಡಿಯಲಾಗದಿರುವುದು | 7 |
| G3 | ಬಿಡಿಭಾಗ ತಡವಾಗಿ ಸಿಗುವುದು | 9 |
| G4 | ಇಂಗ್ಲಿಷ್ ಇಮೇಲ್ ಬರೆಯಲು ಕಷ್ಟ | 2 |

G4 ಗೆರೆಯ ಕೆಳಗಿದೆ, ವರದಿಗೆ ಬರುವುದಿಲ್ಲ. ಆ ಇಬ್ಬರ ಬೇಡಿಕೆ ಕಸದ ಬುಟ್ಟಿಗೆ ಹೋಗಬೇಕಿಲ್ಲ, ಅದು ಅವರವರ ಸೂಪರ್‌ವೈಸರ್ ಜೊತೆಗಿನ ಮಾತುಕತೆಗೆ ಹೋಗುತ್ತದೆ. ವರದಿಯಲ್ಲಿ "ಇತರೆ: 2" ಎಂದೂ ಬರೆಯಬೇಡಿ.

ಲೆಕ್ಕ ನಂಬುವ ಮುಂಚೆ C ಕಾಲಮ್ ಬದಲು ಮೂಲ ಫಾರ್ಮ್‌ಗಳಲ್ಲಿ ಸೂಪರ್‌ವೈಸರ್ ಭಾಗವನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. "ಇನ್ನಷ್ಟು ಮುತುವರ್ಜಿ ಬೇಕು" ಎಂಬ ಒಂದೇ ವಾಕ್ಯ ಎಂಟು ಫಾರ್ಮ್‌ಗಳಲ್ಲಿ ಕಂಡರೆ ಅದು ತಂಡದ ಕೊರತೆಯಲ್ಲ, ಬರೆದವರ ಕಾಪಿ ಪೇಸ್ಟ್. ಹಾಗೆಯೇ ಒಂದು ಕೊರತೆ B ಕಾಲಮ್ ಪ್ರಕಾರ ಸೂಪರ್‌ವೈಸರ್ ಭಾಗದಿಂದಲೇ ಬಂದಿದ್ದು, ಯಾರ ಸ್ವಂತ ಭಾಗದಲ್ಲೂ ಇಲ್ಲದಿದ್ದರೆ ಅದು ಎಂಟು ಜನರ ಸಾಕ್ಷ್ಯವಲ್ಲ, ಒಬ್ಬರ ಅಭಿಪ್ರಾಯ ಎಂಟು ಸಲ ಬಂದದ್ದು. ಬೇರೆ ದಾಖಲೆಯಿಂದ ಖಚಿತವಾದರೆ ಮಾತ್ರ ಸೇರಿಸಿ. G1ಕ್ಕೆ ಅದು ಸುಲಭ: ರಿಪೇರಿ ಮುಗಿದ ದಿನ, ಕಾರ್ಡ್ ತುಂಬಿದ ದಿನ ಎರಡೂ ಸಿಸ್ಟಮ್‌ನಲ್ಲಿ ಇರುತ್ತವೆ.

### ಕಳೆಯುವ ಲೆಕ್ಕದಿಂದ ಸಿಕ್ಕಿಬೀಳುವುದು

G3 ಬಗ್ಗೆ "ತಂಡದ 14ರಲ್ಲಿ 9, ಟೆಕ್ನಿಷಿಯನ್‌ಗಳಲ್ಲಿ 9ಕ್ಕೆ 8" ಎಂದು ಬರೆದಿರಿ ಎನ್ನಿ. ಎರಡು ಗುಂಪೂ 5ಕ್ಕಿಂತ ದೊಡ್ಡವು, ಎರಡು ಅಂಕಿಯೂ 4ಕ್ಕಿಂತ ಹೆಚ್ಚು, ನಿಯಮ ಪಾಲಿಸಿದಂತೆಯೇ ಕಾಣುತ್ತದೆ. ಆದರೆ ಒಂದರಿಂದ ಒಂದು ಕಳೆಯಿರಿ: ಫೋನ್ ಡೆಸ್ಕ್ ಮತ್ತು ಸ್ಟೋರ್‌ನ ಐವರಲ್ಲಿ ಒಬ್ಬರು ಬಿಡಿಭಾಗದ ತಡದ ಬಗ್ಗೆ ಬರೆದಿದ್ದಾರೆ. ಸ್ಟೋರ್‌ನವರೇ ಸ್ಟೋರ್ ಬಗ್ಗೆ ಬರೆದರೇ ಎಂದು ಗುಸುಗುಸು ಶುರುವಾಗಲು ಇಷ್ಟು ಸಾಕು. ಜೊತೆಗೆ, ದೂರು ಹೇಳದ ಆ ಒಬ್ಬ ಟೆಕ್ನಿಷಿಯನ್ ಕೂಡ ಬಯಲಾದ. ಆದ್ದರಿಂದ ಇಡೀ ತಂಡದ ಲೆಕ್ಕವನ್ನೋ ಗುಂಪಿನ ಲೆಕ್ಕವನ್ನೋ, ಎರಡರಲ್ಲಿ ಒಂದನ್ನೇ ಕೊಡಿ.

ಅಂಕಿಯ ಬದಲು ಮೂರು ಅಳತೆಯ ಮಾತು ಬಳಸಿದರೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ: 4ರಿಂದ 6 ಇದ್ದರೆ "ಕೆಲವರು", 7ರಿಂದ 9 ಇದ್ದರೆ "ಅರ್ಧದಷ್ಟು ಅಥವಾ ತುಸು ಹೆಚ್ಚು", 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ "ಹೆಚ್ಚಿನವರು". ಮೇಲಿನ ತುದಿಯೂ ಮುಖ್ಯ. S1 "14ರಲ್ಲಿ 11" ಎಂದು ಬರೆದರೆ ಗ್ರಾಹಕರ ಜೊತೆ ಮಾತು ಸರಿಯಿಲ್ಲದ ಮೂವರು ಯಾರು ಎಂದು ಹುಡುಕಾಟ ಶುರುವಾಗುತ್ತದೆ. ಎಲ್ಲ 14 ಜನರಲ್ಲೂ ಒಂದು ಕೊರತೆ ಇದೆ ಎಂದರೆ ಹೆಸರು ಬರೆಯುವ ಅಗತ್ಯವೇ ಇಲ್ಲ, ಪ್ರತಿಯೊಬ್ಬರದೂ ಗೊತ್ತಾಯಿತು.

### ರೇಟಿಂಗ್ ಸರಾಸರಿ ಬೇಡ

ಸರಾಸರಿ ನಿರಪಾಯಕಾರಿ ಎಂದು ಕಾಣುತ್ತದೆ, ಆದರೆ ಹಾಗಲ್ಲ. 13 ಫಾರ್ಮ್ ಬಂದಾಗ ಸರಾಸರಿ 3.46 ಎಂದು ಒಂದು ಕರಡು ಕಳಿಸಿದಿರಿ. ರಜೆಯಲ್ಲಿದ್ದ ಒಬ್ಬರ ಫಾರ್ಮ್ ತಡವಾಗಿ ಬಂದು, ಅಂತಿಮ ವರದಿಯಲ್ಲಿ 14 ಜನರ ಸರಾಸರಿ 3.57 ಆಯಿತು. 3.46ನ್ನು 13ರಿಂದ ಗುಣಿಸಿದರೆ ಸುಮಾರು 45, 3.57ನ್ನು 14ರಿಂದ ಗುಣಿಸಿದರೆ ಸುಮಾರು 50. ರಜೆಯಿಂದ ಬಂದವರಿಗೆ 5 ಸಿಕ್ಕಿದೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು ಇದಕ್ಕೆ.

ತರಬೇತಿ ನಿರ್ಧರಿಸಲು ರೇಟಿಂಗ್ ಹೆಚ್ಚೇನೂ ಹೇಳುವುದಿಲ್ಲ, ಬಿಟ್ಟರೆ ನಷ್ಟವಿಲ್ಲ. ಕೇಳಲೇಬೇಕೆಂದರೆ "3 ಮತ್ತು ಕೆಳಗೆ", "4 ಮತ್ತು ಮೇಲೆ" ಎಂದು ಎರಡೇ ಭಾಗ ಮಾಡಿ, ಎರಡೂ ಕಡೆ ಕನಿಷ್ಠ 4 ಜನ ಇದ್ದರೆ ಮಾತ್ರ ಕೊಡಿ.

## ಹಂತ 6: ಎಲ್ಲ ಕೊರತೆಗೂ ತರಬೇತಿ ಮದ್ದಲ್ಲ

ಕೊರತೆಯ ಪಟ್ಟಿಯನ್ನೇ ನೇರವಾಗಿ ತರಬೇತಿ ಪಟ್ಟಿಯಾಗಿ ಬರೆಯುವುದು ಎರಡನೇ ದೊಡ್ಡ ತಪ್ಪು. E ಕಾಲಮ್ ಇರುವುದು ಇದಕ್ಕಾಗಿ. ಪ್ರತಿ ಕೊರತೆಯ ಸಾಲಿಗೂ ಒಂದು ಪ್ರಶ್ನೆ ಕೇಳಿ: ಸಮಯ, ಸಲಕರಣೆ ಎರಡನ್ನೂ ಕೈಗೆ ಕೊಟ್ಟರೆ ಇವರು ಈ ಕೆಲಸ ಸರಿಯಾಗಿ ಮಾಡಬಲ್ಲರೇ? ಮಾಡಬಲ್ಲರಾದರೆ ಕಾರಣ "ಸಲಕರಣೆ" ಅಥವಾ "ಸಮಯ". ಮಾಡಲಾರರಾದರೆ "ತಿಳಿವಳಿಕೆ". ಇದು ತರಬೇತಿಯ ಬಾಬತ್ತು. ಸಾಲಿನಿಂದ ಗೊತ್ತಾಗದಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

G1ರ 8 ಫಾರ್ಮ್‌ಗಳಲ್ಲಿ 6ರಲ್ಲಿ ಕಾರಣ ಸ್ಪಷ್ಟವಾಗಿತ್ತು: ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಆ್ಯಪ್ ತೆರೆಯುವುದಿಲ್ಲ, ಒಂದು ಭೇಟಿ ಮುಗಿಯುವಷ್ಟರಲ್ಲಿ ಮುಂದಿನದಕ್ಕೆ ಹೊತ್ತಾಗಿರುತ್ತದೆ. ಇವರಿಗೆ ಜಾಬ್ ಕಾರ್ಡ್ ತುಂಬುವ ತರಬೇತಿ ಕೊಟ್ಟರೆ ಗೊತ್ತಿದ್ದದ್ದನ್ನೇ ಮತ್ತೆ ಕೇಳಿ ಒಂದು ದಿನ ಹಾಳು. ಬೇಕಾದದ್ದು ನೆಟ್‌ವರ್ಕ್ ಇಲ್ಲದಾಗಲೂ ತುಂಬಿಸಿಕೊಳ್ಳುವ ಆ್ಯಪ್. ಉಳಿದ 2 ಫಾರ್ಮ್‌ಗಳಲ್ಲಿ ಏನು ಬರೆಯಬೇಕೆಂದೇ ಗೊತ್ತಿಲ್ಲ ಎಂದಿತ್ತು. ಗೆರೆ ಇಲ್ಲಿಗೂ ಅನ್ವಯ: ಆ ಇಬ್ಬರ ವಿಷಯ ವರದಿಯಲ್ಲಿ ಬರುವುದಿಲ್ಲ, "ಮುಖ್ಯ ಕಾರಣ ಆ್ಯಪ್ ಮತ್ತು ಸಮಯ" ಎಂದಷ್ಟೇ ಬರುತ್ತದೆ.

G2 ಬೇರೆ ಬಗೆಯದು. 7ರಲ್ಲಿ 6 ಫಾರ್ಮ್‌ಗಳು ಹೇಳುವುದು, ಹಳೆಯ ಮೋಟಾರ್ ಕೈಬೆರಳ ಮೇಲೆ ಗೊತ್ತು, ಹೊಸ ಬೋರ್ಡ್‌ನ ಎರರ್ ಕೋಡ್ ಓದಿ ದೋಷ ಹಿಡಿಯಲು ಬರುವುದಿಲ್ಲ ಎಂದು. ಸಮಯ ಕೊಟ್ಟರೂ ಆಗದ ಕೆಲಸ, ಆದ್ದರಿಂದ ತರಬೇತಿ. G3ಕ್ಕೂ ತರಬೇತಿಗೂ ಸಂಬಂಧವೇ ಇಲ್ಲ, ಅದು ದಾಸ್ತಾನಿನ ಸಮಸ್ಯೆ. ಮೂರು ದೊಡ್ಡ ಕೊರತೆಗಳಿಂದ ಹೊರಟು ಕೊನೆಗೆ ಉಳಿದದ್ದು ಒಂದೇ ತರಬೇತಿ. ಇದು ಕಡಿಮೆಯಾಯಿತು ಎಂದು ಇನ್ನೆರಡು ಸೇರಿಸಲು ಮೇಲಿನವರು ಒತ್ತಾಯಿಸುವುದುಂಟು, ಒಪ್ಪಿಕೊಳ್ಳಬೇಕಿಲ್ಲ.

## ಹಂತ 7: ಫಾರ್ಮ್ ಮುಚ್ಚಿಟ್ಟು ಬರೆಯಿರಿ

ಮೂಲ ಫಾರ್ಮ್‌ಗಳನ್ನು, ಕೆಲಸದ ಫೈಲ್‌ನ C ಕಾಲಮನ್ನು ಮುಚ್ಚಿ, ಎಣಿಕೆ ಮತ್ತು ಕೋಡ್ ವಿವರಣೆ ಮಾತ್ರ ಎದುರಿಟ್ಟುಕೊಂಡು ವರದಿ ಬರೆಯಿರಿ. ಎದುರಿಗೆ ಮೂಲ ವಾಕ್ಯ ಇದ್ದರೆ ಅದರ ಒಂದೆರಡು ಪದ ಕೈಗೆ ಅಂಟಿಕೊಂಡೇ ಬರುತ್ತದೆ. ಉಲ್ಲೇಖ ಚಿಹ್ನೆಯೊಳಗೆ ಯಾರ ಮಾತೂ ಬೇಡ, ತಿದ್ದಿದ ಮಾತೂ ಬೇಡ, ಹೊಗಳಿಕೆಯೂ ಬೇಡ. ಹೊಗಳಿಕೆ ಬಯಲಾದರೆ ತೊಂದರೆ ಏನು ಎನ್ನಬಹುದು. ಹೊಗಳಿಸಿಕೊಳ್ಳದವರ ಪಟ್ಟಿ ಅಲ್ಲೇ ತಯಾರಾಗುತ್ತದೆ.

ನಮ್ಮ ತಂಡದ ವರದಿಯ ಮುಖ್ಯ ಭಾಗ ಇಷ್ಟೇ:

> ಬಲ: ಹೆಚ್ಚಿನವರು ಗ್ರಾಹಕರ ಜೊತೆ, ಅವರು ಸಿಟ್ಟಾಗಿದ್ದಾಗಲೂ, ಚೆನ್ನಾಗಿ ವ್ಯವಹರಿಸುತ್ತಾರೆ. ಅರ್ಧದಷ್ಟು ಅಥವಾ ತುಸು ಹೆಚ್ಚು ಫಾರ್ಮ್‌ಗಳಲ್ಲಿ ಮೋಟಾರ್ ಮತ್ತು ವೈಂಡಿಂಗ್ ದೋಷ ಪತ್ತೆಯ ಕೌಶಲ ಕಂಡುಬಂದಿದೆ. ಕೆಲವು ಫಾರ್ಮ್‌ಗಳಲ್ಲಿ ಪರಸ್ಪರ ನೆರವಿನ ಉಲ್ಲೇಖವಿದೆ.
>
> ಕೊರತೆ: ಅರ್ಧದಷ್ಟು ಅಥವಾ ತುಸು ಹೆಚ್ಚು ಫಾರ್ಮ್‌ಗಳಲ್ಲಿ ಮೂರು ವಿಷಯಗಳು ಬಂದಿವೆ: ಹೊಸ ಮಾದರಿಯ ಕಂಟ್ರೋಲ್ ಬೋರ್ಡ್, ಜಾಬ್ ಕಾರ್ಡ್, ಬಿಡಿಭಾಗಗಳ ಲಭ್ಯತೆ.
>
> ತರಬೇತಿ ಬೇಕಿರುವುದು: ಹೊಸ ಬೋರ್ಡ್‌ಗಳ ಎರರ್ ಕೋಡ್ ಓದಿ ದೋಷ ಹಿಡಿಯುವುದು, ನಿಜವಾದ ಬೋರ್ಡ್ ಮೇಲೆ ಕೈಯಿಂದ ಮಾಡಿಸುವ ತರಬೇತಿ. ಇಡೀ ಟೆಕ್ನಿಷಿಯನ್ ಬಳಗಕ್ಕೆ ಒಟ್ಟಿಗೆ.
>
> ತರಬೇತಿಯಿಂದ ಸರಿಯಾಗದ್ದು: ಜಾಬ್ ಕಾರ್ಡ್ ತಡಕ್ಕೆ ಮುಖ್ಯ ಕಾರಣ ಆ್ಯಪ್ ಮತ್ತು ಸಮಯ. ಬಿಡಿಭಾಗದ ತಡ ದಾಸ್ತಾನಿಗೆ ಸಂಬಂಧಿಸಿದ್ದು.
>
> ಕ್ರಮ: 14 ಫಾರ್ಮ್‌ಗಳು. 4ಕ್ಕಿಂತ ಕಡಿಮೆ ಫಾರ್ಮ್‌ಗಳಲ್ಲಿ ಬಂದ ವಿಷಯಗಳನ್ನು ಸೇರಿಸಿಲ್ಲ.

"ಇಡೀ ಬಳಗಕ್ಕೆ ಒಟ್ಟಿಗೆ" ಎಂಬುದನ್ನು ಸುಮ್ಮನೆ ಬರೆದದ್ದಲ್ಲ. ಬೋರ್ಡ್ ಬಗ್ಗೆ ಬರೆದವರನ್ನಷ್ಟೇ ತರಬೇತಿಗೆ ಕರೆದರೆ, ವರದಿಯಲ್ಲಿ ಮುಚ್ಚಿಟ್ಟದ್ದನ್ನು ಹಾಜರಿ ಪಟ್ಟಿ ಹೇಳಿಬಿಡುತ್ತದೆ.

## ಹಂತ 8: ಕಳಿಸುವ ಮುಂಚೆ ಮೂರು ಪರೀಕ್ಷೆ

ಮೊದಲನೆಯದು ಹುಡುಕಾಟ. ವರದಿಯ ಪ್ರತಿ ವಾಕ್ಯದಿಂದ ಅಕ್ಕಪಕ್ಕದ ಮೂರು ಪದ ತೆಗೆದು ಮೂಲ ಫಾರ್ಮ್‌ಗಳಲ್ಲಿ `Ctrl+F` ಹಾಕಿ. ಒಂದೇ ಫಾರ್ಮ್‌ನಲ್ಲಿ ಸಿಕ್ಕರೆ ಆ ಪದಗಳು ಒಬ್ಬರ ಮಾತು, ಬದಲಾಯಿಸಿ. ಫಾರ್ಮ್‌ಗಳು ಸ್ಕ್ಯಾನ್ ಮಾಡಿದ ಕಾಗದಗಳಾದರೆ ಇದು ಕಣ್ಣಿನಿಂದಲೇ ಆಗಬೇಕು.

ಎರಡನೆಯದು ಒಳಗಿನವರ ಕಣ್ಣು. ತಂಡವನ್ನು ಬಲ್ಲ, ಫಾರ್ಮ್ ನೋಡುವ ಅಧಿಕಾರವೂ ಇರುವ ಒಬ್ಬರಿಗೆ ವರದಿ ಕೊಟ್ಟು ಕೇಳಿ: ಯಾವ ಸಾಲು ಓದಿದಾಗ ಒಂದು ಮುಖ ಕಣ್ಣೆದುರು ಬಂತು? ಅವರ ಊಹೆ ತಪ್ಪಾಗಿದ್ದರೂ ಆ ಸಾಲು ತಿದ್ದಬೇಕು. ತಪ್ಪು ಊಹೆಯಿಂದ ನಿರಪರಾಧಿಯೊಬ್ಬರ ಮೇಲೆ ಮುನಿಸು ಬೀಳುತ್ತದೆ, ಅದು ಇನ್ನೂ ಕೆಟ್ಟದ್ದು. ಅವರ ಊಹೆ ಸರಿಯೋ ತಪ್ಪೋ ಎಂದು ಮಾತ್ರ ಹೇಳಬೇಡಿ.

ಮೂರನೆಯದು ಹಳೆಯ ವರದಿ. ಕಳೆದ ಸಲದ ವರದಿಯನ್ನು ಪಕ್ಕಕ್ಕಿಟ್ಟು ನೋಡಿ. ನಡುವೆ ಒಬ್ಬರೇ ಬಿಟ್ಟುಹೋಗಿದ್ದು ಅಥವಾ ಒಬ್ಬರೇ ಹೊಸದಾಗಿ ಸೇರಿದ್ದು, ಒಂದು ಕೊರತೆ ಕಾಣೆಯಾಗಿದ್ದರೆ ಅಥವಾ ಹೊಸದಾಗಿ ಬಂದಿದ್ದರೆ ಓದುಗರು ಅದನ್ನು ಅವರ ತಲೆಗೆ ಕಟ್ಟುತ್ತಾರೆ. "ಕಳೆದ ಸಲಕ್ಕಿಂತ" ಎಂಬ ಹೋಲಿಕೆಯ ವಾಕ್ಯವನ್ನು ಆಗ ತೆಗೆದುಬಿಡಿ.

## ಹಂತ 9: ಕಳಿಸುವ ಫೈಲ್

ಪಿಡಿಎಫ್ ಮಾಡಿಯೇ ಕಳಿಸಿ. ಎಕ್ಸೆಲ್ ಪಿವಟ್ ಟೇಬಲ್ ಕಳಿಸಿದರೆ ಒಂದು ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದವರಿಗೆ ಅದರ ಹಿಂದಿನ ಎಲ್ಲ ಸಾಲುಗಳೂ ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ, ಮೂಲ ಹಾಳೆ ಅಳಿಸಿದ್ದರೂ ಸಹ. ಹೈಡ್ ಮಾಡಿದ ಕಾಲಮ್ ಅಳಿಸಿದಂತಲ್ಲ. ಎಕ್ಸೆಲ್ ಚಾರ್ಟ್ ಅನ್ನು ಪವರ್‌ಪಾಯಿಂಟ್‌ಗೆ ಎಂಬೆಡ್ ಮಾಡಿ ಅಂಟಿಸಿದರೆ ಚಾರ್ಟ್ ಜೊತೆ ಇಡೀ ವರ್ಕ್‌ಬುಕ್ ಪ್ರಯಾಣ ಮಾಡುತ್ತದೆ, ಚಿತ್ರವಾಗಿ ಅಂಟಿಸಿ. ಗೂಗಲ್ ಡಾಕ್ಸ್ ಲಿಂಕ್ ಕೊಟ್ಟು ಎಡಿಟ್ ಅನುಮತಿ ಇಟ್ಟರೆ ಹಳೆಯ ಕರಡುಗಳೂ ಕಾಣುತ್ತವೆ. ವರ್ಡ್‌ನಲ್ಲಿ ಬರೆದಿದ್ದರೆ ಪಿಡಿಎಫ್‌ಗೆ ಮುಂಚೆ `File > Info > Check for Issues > Inspect Document` ಒಮ್ಮೆ ಓಡಿಸಿ, ಕಾಮೆಂಟ್‌ಗಳು ಉಳಿದಿದ್ದರೆ ಅಲ್ಲಿ ಸಿಗುತ್ತವೆ.

ವರದಿ ಒಪ್ಪಿಗೆಯಾದ ಮೇಲೆ ಕೀಲಿ ಫೈಲ್ ಅಳಿಸಿ, ರಿಸೈಕಲ್ ಬಿನ್ ಮತ್ತು ಕ್ಲೌಡ್‌ನ ಟ್ರ್ಯಾಶ್ ಸೇರಿದಂತೆ. ಆದರೆ ಕೆಲಸದ ಫೈಲ್‌ನ ತುಣುಕುಗಳನ್ನು ಮೂಲ ಫಾರ್ಮ್‌ಗಳ ಪಕ್ಕ ಇಟ್ಟರೆ ಯಾವುದು ಯಾರದ್ದೆಂದು ಮತ್ತೆ ಜೋಡಿಸಬಹುದು. ಹಾಗಾಗಿ ಅದನ್ನೂ ಅಳಿಸಿ, ಕೋಡ್ ಪಟ್ಟಿ ಮತ್ತು ಅಂತಿಮ ಎಣಿಕೆ ಮಾತ್ರ ಇಟ್ಟುಕೊಳ್ಳಿ. ಮೂಲ ಫಾರ್ಮ್‌ಗಳು ಕಂಪನಿಯ ನಿಯಮದಂತೆ ಅವುಗಳ ಜಾಗದಲ್ಲಿ ಇರುತ್ತವೆ.

ವರದಿ ತಲುಪಿದ ವಾರದೊಳಗೆ ಮ್ಯಾನೇಜರ್ ಕರೆದು ಕೇಳುವ ಪ್ರಶ್ನೆಯೊಂದಿದೆ: "ಬಿಡಿಭಾಗದ ವಿಷಯ ಯಾರು ಬರೆದದ್ದು? ನನಗೆ ಮಾತ್ರ ಹೇಳಿ, ಸರಿ ಮಾಡೋದಕ್ಕೆ ಕೇಳ್ತಿದ್ದೀನಿ." ಇದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ: "ಸರ್, ಅರ್ಧಕ್ಕಿಂತ ಹೆಚ್ಚು ಜನ ಬರೆದಿದ್ದಾರೆ. ಯಾರು ಅಂತ ಹೇಳೋದಿಲ್ಲ. ಸರಿ ಮಾಡೋದಕ್ಕೆ ಬೇಕಾದ್ದು ಯಾವ ಭಾಗ ಎಷ್ಟು ದಿನ ತಡ ಅನ್ನೋದು, ಅದು ಸ್ಟೋರ್ ರಿಜಿಸ್ಟರ್‌ನಲ್ಲಿದೆ." "ಅವನಾ?" ಎಂದು ಒಂದೊಂದೇ ಹೆಸರು ಹೇಳಿ ಮುಖ ನೋಡುವವರೂ ಇದ್ದಾರೆ. ಮೊದಲ ಹೆಸರಿಗೆ "ಅಲ್ಲ" ಎಂದರೆ ಎರಡನೆಯದಕ್ಕೆ ಸುಮ್ಮನಿರುವುದೇ "ಹೌದು" ಎಂದಾಗುತ್ತದೆ. ಹಾಗಾಗಿ ಮೊದಲ ಹೆಸರಿನಿಂದಲೇ ಎಲ್ಲದಕ್ಕೂ ಅದೇ ಒಂದು ಉತ್ತರ.